ಬಿಟ್ಟದ್ದಕ್ಕೊಂದು ಚೀಟಿ

ನಾನು ಮದುವೆಯಾಗಿ ಇಳಕಲ್ಲಿಗೆ ಬಂದಾಗ ತವರೂರು ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದೆ. ಅದರ ಉಪಯೋಗ ಅಡಿಗೆಮನೆಯಲ್ಲಿ ಹೆಚ್ಚೇನೂ ಇರಲಿಲ್ಲ. ಮನೆಯ ಮುಂಭಾಗದಲ್ಲಿ ಸೀರೆ ಅಂಗಡಿ, ಹಿಂಭಾಗದಲ್ಲಿ ನಾವು. ಮಾವ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದರು. ನನ್ನ ಗಂಡ ಸುತ್ತಲಿನ ಹಳ್ಳಿಗಳ ನೇಕಾರರಿಂದ ಸೀರೆ ತಂದು ಸೊಲ್ಲಾಪುರದ ಕಡೆಗೆ ಒಯ್ಯುತ್ತಿದ್ದ. ವಾರದ ಅರ್ಧ ದಿನಗಳು ಅವನು ಊರಲ್ಲೇ ಇರುತ್ತಿರಲಿಲ್ಲ. ಅಂಗಡಿಯ ಹಳೆಯ ಗುಮಾಸ್ತರು ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಊರಿಗೆ ಹೋದ ಮೇಲೆ ಲೆಕ್ಕದ ಕೆಲಸ ನನಗೆ ಬಂತು. ಅದೂ ಅಂಗಡಿಯಲ್ಲಲ್ಲ, ಒಳಗೆ, ನಡುಮನೆಯ ಕಪಾಟಿನ ಪಕ್ಕ. ಸೊಸೆ ಗಾದಿಯ ಹತ್ತಿರ ಕೂತರೆ ಪೇಟೆಯವರು ಏನಂದಾರು ಎಂಬುದು ಅತ್ತೆಯ ಚಿಂತೆ. ಪೇಟೆಯವರು ಏನೂ ಅನ್ನುತ್ತಿರಲಿಲ್ಲ, ಆದರೆ ಅನ್ನಬಹುದು ಎಂಬುದೇ ಸಾಕಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಇಂಟರ್ನೆಟ್ಟು ಎಂಬುದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ, ಕರೆಂಟು ಇದ್ದಾಗ ಸಿಗುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಟೈ ಕಟ್ಟಿದ ಒಬ್ಬ ಮನುಷ್ಯ ನಮ್ಮ ಅಂಗಡಿ ಮೆಟ್ಟಿಲು ಹತ್ತಿದ. ಇಳಕಲ್ಲಿನ ಬಿಸಿಲಲ್ಲಿ ಟೈ ಕಟ್ಟಿಕೊಂಡವನನ್ನು ನೋಡಿ ಮಾವನಿಗೆ ಮೊದಲು ಹುಟ್ಟಿದ್ದು ಕರುಣೆ. ನೀರು ಕೊಟ್ಟರು, ಚಹಾ, ಗಿರಮಿಟ್ಟು ತರಿಸಿದರು. ಅವನು ಒಂದು ವ್ಯಾಪಾರಿ ವೆಬ್‌ಸೈಟಿನ ಪ್ರತಿನಿಧಿ. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿದರೆ ನಮ್ಮ ಅಂಗಡಿಗೆ ಅದರಲ್ಲಿ ಒಂದು ಪುಟ, ಫೋಟೊ, ಫೋನ್ ನಂಬರು. ಜಗತ್ತಿನ ಯಾವ ಮೂಲೆಯಿಂದಲಾದರೂ ಗಿರಾಕಿ ನಮ್ಮನ್ನು ಹುಡುಕಿಕೊಂಡು ಬರುತ್ತಾನೆ.

"ಅಮೇರಿಕಾದಾವ್ರು ಟೋಪ ತೆನಿ ಸೆರಗಿನ ಸೀರಿ ಉಡ್ತಾರೇನ್ರಿ?" ಎಂದು ಮಾವ ಕೇಳಿದರು.

"ಉಡಲಿಕ್ಕೆ ಅವರಿಗೆ ಗೊತ್ತಾಗಬೇಕಲ್ರೀ ಯಜಮಾನ್ರ," ಎಂದ ಅವನು.

ಈ ಮಾತಿಗೆ ಮಾವ ಸೋತುಹೋದರು. ಅವನು ಹೋಗುವಾಗ ಮಾವನ ಕಾಲಿಗೆ ನಮಸ್ಕಾರ ಮಾಡಿ ಹೋದ. ಜೇಬಿನಲ್ಲಿ ಎರಡು ಚೆಕ್ಕು ಒಯ್ದ. ಒಂದು ಆ ವರ್ಷದ್ದು. ಇನ್ನೊಂದು ಮುಂದಿನ ವರ್ಷದ ತಾರೀಖು ಹಾಕಿದ್ದು, "ಬರೇ ಫೈಲಿಗೆ ಹಚ್ಚಾಕ" ಎಂದಿದ್ದನಂತೆ. ಇದೆಲ್ಲ ನನಗೆ ತಿಳಿದದ್ದು ಸಂಜೆ ಚೆಕ್‌ಬುಕ್ಕಿನ ಕೌಂಟರ್ ಫಾಯಿಲು ನೋಡಿದಾಗ.

ವಿಚಾರಣೆಗಳು ಬಂದದ್ದು ಖರೆ. ಆದರೆ ಆ ವೆಬ್‌ಸೈಟಿನಲ್ಲಿ ಸೀರೆ ಎಂಬ ವಿಭಾಗವೇ ಇರಲಿಲ್ಲ. ನಮ್ಮ ಸೀರೆಗಳನ್ನು ಅವರು "ಮನೆ ಅಲಂಕಾರದ ಬಟ್ಟೆ" ಎಂಬ ವಿಭಾಗದಲ್ಲಿ, ಪರದೆಗಳ ಪಕ್ಕ ಸೇರಿಸಿದ್ದರು. ಸೈಬರ್ ಕೆಫೆಗೆ ಹೋಗಿ ನಮ್ಮ ಪುಟದಿಂದ ನಾನು ತೆಗೆಸಿಕೊಂಡು ಬಂದ ಮೊದಲ ವಿಚಾರಣೆಯಲ್ಲಿ ಯಾವುದೋ ಅರಬ್ ದೇಶದ ಹೋಟೆಲಿನವರು, ನಿಮ್ಮ ಕೆಂಪು ಅಂಚಿನ ಪರದೆ ಬೆಂಕಿ ತಡೆಯುತ್ತದೆಯೇ ಎಂದು ಕೇಳಿದ್ದರು. ಎರಡನೆಯದರಲ್ಲಿ ಚೀನಾದ ಒಬ್ಬ, ನಿಮ್ಮ ಇಳಕಲ್ ಸೀರೆಯನ್ನು ನಿಮಗಿಂತ ಸೋವಿಯಲ್ಲಿ ನಾನೇ ನೇಯ್ದು ಕೊಡುತ್ತೇನೆ, ಕನಿಷ್ಠ ಒಂದು ಕಂಟೇನರ್ ತೆಗೆದುಕೊಳ್ಳಬೇಕು ಎಂದಿದ್ದ. ಉಳಿದವರೆಲ್ಲ ನಮಗೆ ಏನನ್ನಾದರೂ ಮಾರಲು ಬಂದವರು.

ಮಾವ ಎಲ್ಲರಿಗೂ ಅದೇ ಪುಟದಲ್ಲಿ ಉತ್ತರ ಬರೆಸಿದರು. ಹೋಟೆಲಿನವರಿಗೆ, ಇದು ಹೆಣ್ಣುಮಕ್ಕಳು ಉಡುವ ವಸ್ತ್ರ, ಕಿಟಕಿಗೆ ಹಾಕುವುದು ನಮ್ಮ ಕಡೆ ಶೋಭೆಯಲ್ಲ ಎಂದು ವಿನಯದಿಂದ ತಿಳಿಸಿದರು. ವರ್ಷ ಮುಗಿಯುತ್ತ ಬಂದಾಗ ಒಂದು ದಿನ ಊಟಕ್ಕೆ ಕೂತು ಅವರೇ ಹೇಳಿದರು.

"ಯವ್ವಾ, ಈ ಇಂಟರ್ನೆಟ್ಟಿಂದು ಸಾಕು. ಬಂದ್ ಮಾಡಿಬಿಡು."

"ಬಂದ್ ಮಾಡೂದು ಅಷ್ಟು ಸಸಾರ ಇರ್ತದೇನ್ರಿ ಮಾವಾರ?" ಎಂದೆ.

"ಅದರಾಗೇನೈತಿ? ಬ್ಯಾಡ ಅಂತ ಹೇಳೂದು. ಗಿರಾಕಿ ಸೀರಿ ಬ್ಯಾಡಂದ್ರ ನಾವು ಮಡಿಚಿ ಒಳಗ ಇಡಂಗಿಲ್ಲೇನು?"

ನಾನು ಅವರು ಸಹಿ ಮಾಡಿದ್ದ ಕರಾರಿನ ಪ್ರತಿ ತೆಗೆದು ಓದಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಅವಧಿ ಮುಗಿಯುವ ತಿಂಗಳ ಮುಂಚೆ ಲಿಖಿತ ಸೂಚನೆ ಕೊಡದಿದ್ದರೆ ಸದಸ್ಯತ್ವ ತಾನಾಗಿಯೇ ಮುಂದುವರಿಯುತ್ತದೆ ಎಂದಿತ್ತು. ಇನ್ನೂ ವೇಳೆ ಇತ್ತು. ಸದಸ್ಯತ್ವ ನಮಗೆ ಬೇಡ, ಮುಂದಿನ ವರ್ಷದ ಚೆಕ್ಕು ವಾಪಸ್ ಕಳಿಸಿರಿ, ಈ ವರ್ಷದ ಪಕ್ಕಾ ಬಿಲ್ಲು, ಅಂದರೆ ಇನ್‌ವಾಯ್ಸು ಕೊಡಿರಿ ಎಂದು ಇಂಗ್ಲಿಷಿನಲ್ಲಿ ಕಾಗದ ಬರೆದೆ. ಆ ಮೂರನೆಯದನ್ನು ಸೇರಿಸಿದ್ದಕ್ಕೆ ಕಾರಣವಿತ್ತು. ಮೊದಲ ವರ್ಷ ಹಣ ಕಟ್ಟಿದಾಗ ಅವರು ಕೊಟ್ಟದ್ದು ಪ್ರೊಫಾರ್ಮಾ, ಅಂದರೆ ಇಷ್ಟು ಕಟ್ಟಬೇಕಾಗುತ್ತದೆ ಎಂಬ ಅಂದಾಜು ಚೀಟಿ. ಅದರಲ್ಲಿ ಬಿಲ್ಲಿನ ನಂಬರೂ ಇರಲಿಲ್ಲ, ಸರ್ವಿಸ್ ಟ್ಯಾಕ್ಸಿನ ನೋಂದಣಿ ನಂಬರೂ ಇರಲಿಲ್ಲ.

ಕಾಗದ ಓದಿ ಹೇಳಿದಾಗ ಮಾವನಿಗೆ ಸಮಾಧಾನವಾಗಲಿಲ್ಲ. "ಹಿಂಗ ಒಮ್ಮಿಂದೊಮ್ಮೆಲೆ ಬ್ಯಾಡ ಅಂದ್ರ ಅವ್ರ ಮನಸಿಗೆ ಹ್ಯಾಂಗ ಆದೀತು? ಮ್ಯಾಲ ಕ್ಷೇಮಸಮಾಚಾರ ಕೇಳು." ಹಾಗಾಗಿ ನಮ್ಮ ರದ್ದತಿ ಸೂಚನೆ, ತಾವು ಹಾಗೂ ತಮ್ಮ ಮನೆಯವರೆಲ್ಲ ಆರೋಗ್ಯದಿಂದಿರುವಿರೆಂದು ನಂಬಿದ್ದೇವೆ ಎಂಬ ಸಾಲಿನಿಂದ ಆರಂಭವಾಯಿತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಮುಟ್ಟಿದ ಗುರುತಿಗೆ ಕಾರ್ಡೂ ಅವರ ಶಿಕ್ಕಾ ಒತ್ತಿಸಿಕೊಂಡು ವಾಪಸ್ ಬಂತು.

ಆದರೆ ಚೆಕ್ಕು ಬರಲಿಲ್ಲ. ಬಂದದ್ದು ಹೊಸ ವರ್ಷದ ಇನ್‌ವಾಯ್ಸು. ಈ ಸಲ ನಂಬರು, ತಾರೀಖು, ತೆರಿಗೆ, ನೋಂದಣಿ ಎಲ್ಲ ಇದ್ದ ಅಚ್ಚುಕಟ್ಟಾದ ಇನ್‌ವಾಯ್ಸು. ಅದರ ಬೆನ್ನಿಗೇ ಬ್ಯಾಂಕಿನಲ್ಲಿ ಎರಡನೆಯ ಚೆಕ್ಕೂ ಪಾಸಾಗಿಬಿಟ್ಟಿತ್ತು. ಫೈಲಿಗೆ ಹಚ್ಚಿದ್ದು ಫೈಲಿನಿಂದ ಎದ್ದು ಬ್ಯಾಂಕಿಗೆ ನಡೆದಿತ್ತು.

ಕಂಪನಿಯ ಗ್ರಾಹಕ ಸೇವೆಗೆ ಮಾವನೇ ಫೋನು ಮಾಡುತ್ತೇನೆಂದು ಹಟ ಹಿಡಿದರು. ಆ ಕಡೆಯಿಂದ ಧ್ವನಿಮುದ್ರಣದ ಹೆಣ್ಣು ದನಿ ಬಂತು. "ಶರಣ್ರೀ ಯವ್ವಾ, ನಾ ಇಳಕಲ್ಲಿಂದ ಮಾತಾಡಾಕತ್ತೇನಿ," ಎಂದು ಮಾವ ಶುರುಮಾಡಿದರು. ದನಿ ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಎಂದಿತು. "ಮೊದ್ಲ ನನ್ನ ಮಾತು ಮುಗೀಲಿ ತಡೀರಿ," ಎಂದರು ಮಾವ. ದನಿ ತಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಾಡು ಬಂತು. ಮಾವ ಗೌರವದಿಂದ ಹಾಡು ಮುಗಿಯುವವರೆಗೆ ಕೇಳಿ, ರಿಸೀವರ್ ಇಟ್ಟು, "ಭಾಳ ಚೊಲೊ ಹಾಡತಾಳ, ಆದ್ರ ಕೆಲಸದಾಕಿ ಅಲ್ಲ" ಎಂದರು.

ಹೊಸ ಸದಸ್ಯರಾಗಲು ಒತ್ತಬೇಕಾದ ನಂಬರು ಆ ಪಟ್ಟಿಯಲ್ಲಿತ್ತು. ಮೇಲ್ದರ್ಜೆಗೆ ಏರಲು ಇನ್ನೊಂದಿತ್ತು. ಬಿಡಲು ಯಾವ ನಂಬರೂ ಇರಲಿಲ್ಲ.

ಹೀಗಾಗಿ ಒಂದು ದಿನ ಮಾವ ಮತ್ತು ನಾನು ಬಾಗಲಕೋಟೆಯ ಬಸ್ಸು ಹತ್ತಿದೆವು. ಗಂಡ ಊರಲ್ಲಿರಲಿಲ್ಲ, ಇಂಗ್ಲಿಷಿನ ಕಾಗದಪತ್ರ ಬಲ್ಲವಳು ನಾನೊಬ್ಬಳೇ. ಆದ್ದರಿಂದ ಅತ್ತೆ ಒಪ್ಪಿದರು. ಕಂಪನಿಯ ಶಾಖೆ ನವನಗರದಲ್ಲಿತ್ತು. ಆಗ ಹಳೆ ಊರಿನ ಎಷ್ಟೋ ಮನೆಗಳನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟು ಜನ ಅಲ್ಲಿಗೆ ಹೋಗುತ್ತಿದ್ದ ಕಾಲ. ನಾನು ಓಡಾಡಿ ಬೆಳೆದ ಓಣಿಗಳಿಗೆ ಹೆಸರುಗಳಿದ್ದವು, ನವನಗರದಲ್ಲಿ ಎಲ್ಲದಕ್ಕೂ ಸೆಕ್ಟರ್ ನಂಬರು. ತವರೂರಿನಲ್ಲೇ ದಾರಿ ಕೇಳುತ್ತ ಕೇಳುತ್ತ ಶಾಖೆ ಮುಟ್ಟಿದೆವು.

ಮ್ಯಾನೇಜರು ಮೈಸೂರಿನ ಕಡೆಯವರು. ಬಹಳ ಸಭ್ಯರು. ಅವರ ಕನ್ನಡ ಕೇಳಿ ಮಾವ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತರು, ಕೋರ್ಟಿನಲ್ಲಿ ಕೂತ ಹಾಗೆ.

"ನಿಮ್ಮ ಪತ್ರ ನಮಗೆ ತಲುಪಿದೆ ಸರ್. ಆದರೆ ರದ್ದತಿಯನ್ನು ನೋಂದಾಯಿತ ಇ-ಮೇಲ್ ವಿಳಾಸದಿಂದಲೇ ಕಳುಹಿಸಬೇಕಾಗುತ್ತದೆ," ಎಂದರು ಮ್ಯಾನೇಜರು.

"ಆ ಇ-ಮೇಲು ಮಾಡಿಕೊಟ್ಟವ್ರು ನಿಮ್ಮವರ. ಪಾಸ್‌ವರ್ಡು ಅವರ ಹತ್ರನ ಅದ," ಎಂದೆ ನಾನು.

"ಅವರು ಕೆಲಸ ಬಿಟ್ಟಿದ್ದಾರೆ ಮೇಡಂ."

"ಅವ್ರು ಹ್ಯಾಂಗ ಬಿಟ್ರಿ?" ಎಂದು ಮಾವ ತಟ್ಟನೆ ಕೇಳಿದರು. ನಿಜವಾದ ಕುತೂಹಲದಿಂದಲೇ ಕೇಳಿದ್ದರು. "ನಮಗೂ ಆ ಹಾದಿ ಹೇಳ್ರಲಾ."

ಮ್ಯಾನೇಜರು ನಕ್ಕರು. ಪಾಸ್‌ವರ್ಡು ಮರೆತವರಿಗೆ ಒಂದು ಗುಪ್ತ ಪ್ರಶ್ನೆ ಇರುತ್ತದೆ, ಅದಕ್ಕೆ ಉತ್ತರ ಕೊಟ್ಟರೆ ಸಾಕು ಎಂದು ಕಂಪ್ಯೂಟರು ತೆರೆದರು. ಪ್ರಶ್ನೆ ನಿಮಗೆ ಅತ್ಯಂತ ಇಷ್ಟವಾದ ತಿಂಡಿ ಯಾವುದು ಎಂಬುದು. ಆ ಟೈ ಕಟ್ಟಿದ ಮನುಷ್ಯನಿಗೆ ಏನು ಇಷ್ಟವೋ ನಮಗೆ ಹೇಗೆ ಗೊತ್ತಾಗಬೇಕು? ಮಾವ ಗಂಭೀರವಾಗಿ ಯೋಚಿಸಿ, ಅವತ್ತು ಅಂಗಡಿಯಲ್ಲಿ ಗಿರಮಿಟ್ಟು ತರಿಸಿದಾಗ ಅವನು ಎರಡು ಪ್ಲೇಟು ತಿಂದದ್ದನ್ನು ನೆನಪಿಸಿದರು. ಮ್ಯಾನೇಜರು ಗಿರಮಿಟ್ಟು ಎಂದು ಹಾಕಿ ನೋಡಿದರು. ಅದಲ್ಲ. ಮಂಡಕ್ಕಿ, ಮಿರ್ಚಿ, ಕರದಂಟು ಎಲ್ಲ ಹಾಕಿದರು. ಮೂವರೂ ಮಾನಿಟರಿನ ಮುಂದೆ ಬಾಗಿ ತಿಂಡಿಗಳ ಹೆಸರು ಹೇಳುತ್ತಿದ್ದೆವು. ಕೊನೆಗೆ ಕಂಪ್ಯೂಟರು ಬೇಸತ್ತು ಖಾತೆಗೆ ಬೀಗ ಹಾಕಿತು.

ನಾನು ಚೀಲದಿಂದ ಕರಾರಿನ ಪ್ರತಿ ತೆಗೆದು ಅವರ ಮುಂದಿಟ್ಟೆ. "ಇದರಾಗ ಲಿಖಿತ ಸೂಚನೆ ಅಂತಷ್ಟ ಐತ್ರಿ. ಇ-ಮೇಲ್ ಅಂತ ಎಲ್ಲೂ ಇಲ್ಲ. ನಿಮ್ಮ ಶಿಕ್ಕಾ ಬಿದ್ದ ಕಾರ್ಡು ಇಲ್ಲೈತಿ, ತಾರೀಖು ನೋಡ್ರಿ."

ಅವರು ತಮ್ಮದೇ ಕರಾರಿನ ಹಿಂಬದಿಯನ್ನು ಮೊದಲ ಸಲ ಓದುವವರ ಹಾಗೆ ಓದಿದರು. ಬಹುಶಃ ಮೊದಲ ಸಲವೇ ಇರಬೇಕು. ಸರಿ ಎಂದರು. ಸರಿ ಎಂದವರು ರದ್ದು ಮಾಡಲಿಲ್ಲ, ನಮ್ಮನ್ನು ಪುಸಲಾಯಿಸಲು ಕೂತರು. ಅರ್ಧ ದರಕ್ಕೆ ಬೆಳ್ಳಿ ಸದಸ್ಯತ್ವ ಕೊಡುತ್ತೇನೆಂದರು. ಬೇಡವೆಂದರೆ ಅದೇ ದರಕ್ಕೆ ಬಂಗಾರದ್ದು. ಅದೂ ಬೇಡವೆಂದರೆ ಮೂರು ತಿಂಗಳು ಪುಕ್ಕಟೆ ಪ್ಲಾಟಿನಂ. ನಾವು ಬೇಡ ಎಂದ ಹಾಗೆಲ್ಲ ನಮ್ಮ ಅಂತಸ್ತು ಏರುತ್ತಿತ್ತು. ಮಾವನಿಗೆ ಎದುರಿಗೆ ಕೂತವರಿಗೆ ಇಲ್ಲ ಎಂದು ಹೇಳಿ ರೂಢಿಯಿಲ್ಲ. ಪ್ಲಾಟಿನಂ ಬಂದಾಗ ಅವರ ತಲೆ ಮೆಲ್ಲಗೆ ಅಲುಗುತ್ತಿರುವುದನ್ನು ಕಂಡು ನಾನು, "ಮಾವಾರ, ಬಸ್ಸಿನ ಹೊತ್ತಾತು" ಎಂದೆ. ಅವರು ಎಚ್ಚೆತ್ತರು. ಮ್ಯಾನೇಜರು ಕೊನೆಗೆ ಸದಸ್ಯತ್ವ ರದ್ದು ಮಾಡಿ, ಹಣ ಮರಳಿಸುವುದಾಗಿ ಹೇಳಿದರು.

ಹಣ ಮಾತ್ರ ಬೇಗ ಬಂತು. ಕೆಲವೇ ವಾರಗಳಲ್ಲಿ ತೆರಿಗೆಯೂ ಸೇರಿ ಪೂರ್ತಿ ಮೊತ್ತದ ಚೆಕ್ಕು ಅಂಚೆಯಲ್ಲಿ ಬಂದಾಗ ಮಾವ ಊರ ತುಂಬ ಆ ಕಂಪನಿಯನ್ನು ಹೊಗಳಿದರು. ಜೊತೆಯಲ್ಲಿ, ನೀವಿಲ್ಲದೆ ನಮಗೆ ಬಹಳ ಬೇಸರವಾಗಿದೆ ಎಂಬ ಒಂದು ಕಾಗದವಿತ್ತು. ಬೇರೆ ಏನೂ ಇರಲಿಲ್ಲ. ಚೆಕ್ಕು ಬ್ಯಾಂಕಿಗೆ ಹಾಕಿದೆವು. ಮುಗಿಯಿತು ಎಂದುಕೊಂಡೆ.

ವರ್ಷದ ಲೆಕ್ಕ ತೆಗೆದುಕೊಂಡು ಬಾಗಲಕೋಟೆಯ ನಮ್ಮ ಆಡಿಟರ್ ಹತ್ತಿರ ಹೋದಾಗ ಅದು ಮುಗಿದಿರಲಿಲ್ಲ ಎಂದು ತಿಳಿಯಿತು. ಹಳೆ ಊರಿನ ಮಹಡಿಯ ಕೋಣೆಯಲ್ಲಿ ಅವರ ಕಚೇರಿ. ಮಾವನಿಗಿಂತ ಹಿರಿಯರು. ನಗುವುದಿಲ್ಲ, ಬೈಯುವುದೂ ಇಲ್ಲ. ಪೆನ್ಸಿಲಿನ ತುದಿಯಿಂದ ಒಂದು ಸಾಲಿನ ಮೇಲೆ ತಟ್ಟುತ್ತಾರೆ, ಅಷ್ಟೆ. ಅಲ್ಲಿ ಕೂತವರು ತಾವಾಗಿಯೇ ಚೀಲದಲ್ಲಿ ಕಾಗದ ಹುಡುಕತೊಡಗುತ್ತಾರೆ.

"ಇದು ಏನು?" ಎಂದು ತಟ್ಟಿದರು.

"ಕಂಪನಿಯವ್ರು ಹಣ ವಾಪಸ್ ಕೊಟ್ಟಾರ್ರಿ."

"ಯಾಕ ಕೊಟ್ರು?"

"ಸದಸ್ಯತ್ವ ರದ್ದು ಮಾಡಿದಿವಲ್ರಿ."

"ಅದಕ್ಕ ಕಾಗದ?"

ನಾನು ಬೇಸರದ ಕಾಗದ ಮುಂದಿಟ್ಟೆ. ಅವರು ಅದನ್ನು ಓದಿ ಮಡಚಿ ಮರಳಿಸಿದರು. "ಅವ್ರಿಗೆ ಬ್ಯಾಸರಾಗೇದ, ಛಲೋ. ಆದ್ರ ಇನ್‌ವಾಯ್ಸು ಇನ್ನೂ ಜೀವಂತ ಅದ. ಇನ್‌ವಾಯ್ಸಿಗೆ ಅದನ್ನ ರದ್ದು ಮಾಡೂ ಚೀಟಿ, ಅಂದ್ರ ಕ್ರೆಡಿಟ್ ನೋಟ್ ಬೇಕು. ಅದರ ಮ್ಯಾಲ ಆ ಇನ್‌ವಾಯ್ಸಿನ ನಂಬರು, ತಾರೀಖು, ಯಾಕ ರದ್ದು ಆತು ಅನ್ನೂದು, ಮೂಲ ಹಣ ಎಷ್ಟು, ಸರ್ವಿಸ್ ಟ್ಯಾಕ್ಸ್ ಎಷ್ಟು, ಎಲ್ಲಾ ಬ್ಯಾರೆ ಬ್ಯಾರೆ ಇರಬೇಕು. ಇಲ್ಲಂದ್ರ ನಾಳೆ ಟ್ಯಾಕ್ಸಿನ ಸಾಹೇಬ್ರು ಇದೇನು, ನಿಮ್ಮ ಆದಾಯ ಏನು ಅಂತ ಕೇಳಿದ್ರ ಏನು ತೋರಸ್ತೀರಿ?" ಪೆನ್ಸಿಲು ಮೇಲಕ್ಕೆ ಸರಿದು ಇನ್ನೊಂದು ಸಾಲಿಗೆ ತಟ್ಟಿತು. "ಮತ್ತ ಹ್ವಾದ ವರ್ಷದ್ದು ಪ್ರೊಫಾರ್ಮಾ ಹಚ್ಚೀರಿ. ಪ್ರೊಫಾರ್ಮಾ ಬಿಲ್ಲಲ್ಲ. ಅದರ ಖರೆ ಇನ್‌ವಾಯ್ಸು ತರಸ್ರಿ."

ಮಾವ ತಡೆಯಲಾರದೆ ಹೇಳಿದರು. "ಸಾಹೇಬ್ರ, ನಮ್ಮ ಅಂಗಡ್ಯಾಗ ಸೀರಿ ವಾಪಸ್ ಬಂದ್ರ ನಿಂತ ಕಾಲ ಮ್ಯಾಲ ಚೀಟಿ ಬರದು ಕೊಡ್ತೇವಿ. ಅಂಥಾದೊಂದು ಚೀಟಿಗೆ ಇಷ್ಟು ದೊಡ್ಡ ಕಂಪನಿಗೆ ಏನು ಕಷ್ಟ?"

"ದೊಡ್ಡ ಕಂಪನಿ, ಅದಕ್ಕ," ಎಂದರು ಆಡಿಟರು.

ಗ್ರಾಹಕ ಸೇವೆಗೆ ಈಗ ನಾನೇ ಫೋನು ಹಚ್ಚತೊಡಗಿದೆ. ಹಾಡೆಲ್ಲ ಬಾಯಿಪಾಠವಾಯಿತು. ಸಿಕ್ಕ ಪ್ರತಿಯೊಬ್ಬರಿಗೂ ಕ್ರೆಡಿಟ್ ನೋಟ್ ಎಂದರೆ ಏನೆಂದು ಮೊದಲಿನಿಂದ ಹೇಳಬೇಕು. ಒಬ್ಬಾಕೆ, ನಿಮಗೆ ಹಣ ಬಂದಿದೆಯಲ್ಲ, ಮತ್ತೇಕೆ ಕ್ರೆಡಿಟ್ಟು ಎಂದು ಸಂಶಯದಿಂದ ಕೇಳಿದಳು. ಒಬ್ಬ, ರದ್ದಾದ ಸದಸ್ಯರ ದೂರು ತೆಗೆದುಕೊಳ್ಳಲು ಬರುವುದಿಲ್ಲ, ದೂರು ದಾಖಲಿಸಬೇಕಾದರೆ ನೀವು ಸದಸ್ಯರಾಗಿರಬೇಕು ಎಂದ. ಮತ್ತೆ ಸದಸ್ಯರಾದರೆ ಬಿಟ್ಟದ್ದಕ್ಕೆ ಚೀಟಿ ಕೊಡುತ್ತೀರಾ ಎಂದು ಕೇಳಿದೆ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಖಂಡಿತ," ಎಂದ. ಇನ್ನೊಬ್ಬಾಕೆ ಮಾತ್ರ ಬಹಳ ಸೌಜನ್ಯದಿಂದ ಎಲ್ಲ ಬರೆದುಕೊಂಡು ಕಳಿಸುತ್ತೇನೆಂದಳು, ಕಳಿಸಿದಳು ಕೂಡ. ಲಕೋಟೆ ಒಡೆದರೆ ಬಂಗಾರದ ಅಂಚಿನ ಒಂದು ಪ್ರಮಾಣಪತ್ರ, ನಮ್ಮ ಅಂಗಡಿ ಆ ಕಂಪನಿಯ ಅಮೂಲ್ಯ ಸದಸ್ಯ ಎಂದು. ಅತ್ತೆಗೆ ಅದು ಬಹಳ ಸೇರಿತು. ಚೌಕಟ್ಟು ಹಾಕಿಸೋಣವೇ ಎಂದರು.

ಅದರ ಹಿಂದೆಯೇ ಇನ್ನೊಂದು ಲಕೋಟೆ ಬಂತು. ನಿಮ್ಮಿಂದ ನಮಗೆ ಬರಬೇಕಾದ ಬಾಕಿ ಇದೆ, ಕೂಡಲೇ ತುಂಬಿರಿ ಎಂದಿತ್ತು. ತಪ್ಪಿ ಬಂದಿರಬೇಕೆಂದು ನಾವು ಬದಿಗಿಟ್ಟೆವು. ಇನ್ನೊಂದು ಬಂತು, ಅದರಲ್ಲಿ ಅಕ್ಷರಗಳು ದಪ್ಪವಾಗಿದ್ದವು. ಆಮೇಲೆ ಕಾಗದದ ಬದಲು ಮನುಷ್ಯನೇ ಬಂದ.

ಅವತ್ತು ಸಂತೆಯ ದಿನ. ಅಂಗಡಿಯ ತುಂಬ ಹಳ್ಳಿಯ ಹೆಣ್ಣುಮಕ್ಕಳು, ಮದುವೆ ಜವಳಿಗೆ ಬಂದವರು. ಮಾವ ಗಾದಿಯ ಮೇಲೆ ಸೆರಗು ಹರವಿ ತೋರಿಸುತ್ತಿದ್ದರು. ಹೆಲ್ಮೆಟ್ಟು ಕೈಯಲ್ಲಿ ಹಿಡಿದ ಒಬ್ಬ ನಡುವಯಸ್ಸಿನವನು ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಯಜಮಾನ್ರು ಯಾರ್ರಿ? ಬಾಕಿ ವಸೂಲಿಗೆ ಬಂದೇನಿ" ಎಂದ.

ಒಳಗಿನಿಂದ ನನಗೆ ಅಂಗಡಿಯ ಗದ್ದಲ ಒಮ್ಮೆಲೇ ನಿಂತದ್ದು ಕೇಳಿಸಿತು. ನಾನು ಬಾಗಿಲ ಪರದೆ ಸರಿಸಿ ನೋಡಿದೆ. ಮಾವನ ಕೈಯಲ್ಲಿದ್ದ ಸೆರಗು ಹಾಗೇ ಇತ್ತು. ಪೇಟೆಯಲ್ಲಿ ಅವರ ಮಾತೇ ಹುಂಡಿ, ಬರೆದುಕೊಟ್ಟ ಪತ್ರದಷ್ಟೇ ಗಟ್ಟಿ ಎಂದು ಹೇಳುತ್ತಿದ್ದರು. ನೇಕಾರರ ಕೂಲಿ ಒಂದು ದಿನ ತಡವಾದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥವರ ಮೆಟ್ಟಿಲಿಗೆ ವಸೂಲಿಯವನು ಬಂದದ್ದನ್ನು ಈ ಹೆಣ್ಣುಮಕ್ಕಳು ಸಂಜೆಯೊಳಗೆ ಎಷ್ಟು ಊರುಗಳಿಗೆ ಒಯ್ಯುತ್ತಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಲ್ಲಿಯ ತನಕ ಇದೆಲ್ಲ ನನಗೆ ನಗೆಯ ಸಂಗತಿಯಾಗಿತ್ತು.

ಮಾವ ಸೆರಗನ್ನು ಮಡಿಚಿದರು. "ಒಳಗ ಬರ್ರಿ. ಬಿಸಲಾಗ ಬಂದೀರಿ, ಮೊದ್ಲ ಚಾ ಕುಡೀರಿ," ಎಂದರು. ದನಿ ಎಂದಿನ ಹಾಗೇ ಇತ್ತು.

ನಾನು ಹೊರಗೆ ಬಂದೆ. ಅತ್ತೆ ಹಿಂದಿನಿಂದ ಏನೋ ಅಂದರು, ಕೇಳಿಸಿಕೊಳ್ಳಲಿಲ್ಲ. ಗಾದಿಯ ಅಂಚಿನಲ್ಲಿ ಕೂತು, "ನಿಮ್ಮ ಕಾಗದ ತೋರಸ್ರಿ," ಎಂದು ವಸೂಲಿಯವನನ್ನು ಕೇಳಿದೆ.

ಅವನ ಹತ್ತಿರ ಕಂಪನಿಯ ಕಂಪ್ಯೂಟರು ಮುದ್ರಿಸಿದ ನಮ್ಮ ಖಾತೆಯ ವಿವರವಿತ್ತು. ಮೊದಲ ಸಾಲು ಹೊಸ ವರ್ಷದ ಇನ್‌ವಾಯ್ಸು. ಎರಡನೆಯದು ನಮ್ಮ ಚೆಕ್ಕು ಜಮಾ. ಅಲ್ಲಿಗೆ ಬಾಕಿ ಸೊನ್ನೆ. ಮೂರನೆಯದು ಅವರು ನಮಗೆ ವಾಪಸ್ ಕೊಟ್ಟ ಚೆಕ್ಕು, ನಮ್ಮ ಹೆಸರಿಗೆ ಖರ್ಚು. ನಾಲ್ಕನೆಯ ಸಾಲೇ ಇರಲಿಲ್ಲ. ಇರಬೇಕಾಗಿದ್ದದ್ದು ಕ್ರೆಡಿಟ್ ನೋಟು. ಅದಿಲ್ಲದ್ದರಿಂದ ಇನ್‌ವಾಯ್ಸು ನಿಂತೇ ಇತ್ತು, ಅದಕ್ಕೆ ಕಟ್ಟಿದ ಹಣ ಮಾತ್ರ ವಾಪಸ್ ಹೋಗಿತ್ತು. ಹಣ ಮರಳಿಸಿ ಅವರು ನಮ್ಮನ್ನು ಸಾಲಗಾರರನ್ನಾಗಿ ಮಾಡಿದ್ದರು.

ಅದನ್ನು ನಾನು ಬೆರಳಿಟ್ಟು ಅವನಿಗೂ, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. "ಅಂದ್ರ, ಗಿರಾಕಿಯವ್ರು ತಗೊಂಡ ಸೀರಿ ವಾಪಸ್ ತಂದು ಕೊಟ್ರು, ನಾವು ರೊಕ್ಕಾ ವಾಪಸ್ ಕೊಟ್ಟಿವಿ. ಆದ್ರ ಸೀರಿ ವಾಪಸ್ ಬಂತು ಅಂತ ಬರಕೊಳ್ಳಲಿಲ್ಲ. ಈಗ ಸೀರಿ ರೊಕ್ಕಾ ಕೊಡ್ರಿ ಅಂತ ಅವ್ರ ಮನಿಗೆ ಹೋದಂಗಾತು."

"ಅಯ್ಯ ಶಿವನ," ಎಂದಳು ಒಬ್ಬ ಮುದುಕಿ. "ಹಂಗಾರ ತಪ್ಪು ಅವರದ ಐತಿ."

ವಸೂಲಿಯವನು ಕಾಗದವನ್ನು ಮತ್ತೆ ಮತ್ತೆ ನೋಡಿ, "ನಮಗ ಬರೇ ಕಡೀ ಸಾಲು ನೋಡಂತ ಹೇಳ್ತಾರ್ರಿ ಅಕ್ಕಾರ" ಎಂದು ಹೆಲ್ಮೆಟ್ಟನ್ನು ಮೊಣಕಾಲ ಮೇಲೆ ತಿರುಗಿಸಿದ. ಮಾವ ಅವನಿಗೆ ಎರಡನೆಯ ಚಹಾ ಹೇಳಿದರು. ಅವನು ಹೋಗುವಾಗ ತನ್ನ ತಂಗಿಯ ಸೀಮಂತಕ್ಕೆಂದು ಒಂದು ಸೀರೆ ಆರಿಸಿಕೊಂಡ. ಕಂಪನಿಯ ಮೂಲಕ ನಮಗೆ ಸಿಕ್ಕ ಏಕೈಕ ಗಿರಾಕಿ ಅವನೇ. ಖಾತೆ ವಿವರದ ಪ್ರತಿಯನ್ನು ನಮಗೇ ಬಿಟ್ಟುಹೋದ.

ಆ ದಿನ ಸಂಜೆ ಕೂತು ನಾನು ಎರಡನೆಯ ಕಾಗದ ಬರೆದೆ. ಈ ಸಲ ಗ್ರಾಹಕ ಸೇವೆಗೆ ಬರೆಯಲಿಲ್ಲ, ಶಾಖೆಗೂ ಬರೆಯಲಿಲ್ಲ. ಮುಖ್ಯ ಕಚೇರಿಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಿಗೆ ಬರೆದೆ. ನಮ್ಮ ಕಷ್ಟ ಅವರಿಗೆ ಅಂಟುವುದಿಲ್ಲ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಹಾಗಾಗಿ ಅವರ ಕಷ್ಟವನ್ನೇ ಬರೆದೆ. ನೀವು ಈ ಇನ್‌ವಾಯ್ಸಿನ ಮೇಲಿನ ಸೇವಾ ತೆರಿಗೆಯನ್ನು ಸರ್ಕಾರಕ್ಕೆ ತುಂಬಿರುತ್ತೀರಿ. ಸೇವೆ ಕೊಡಲಿಲ್ಲ, ತೆರಿಗೆ ಸಮೇತ ಹಣ ನಮಗೆ ಮರಳಿಸಿದ್ದೀರಿ. ಹಾಗೆ ಮರಳಿಸಿದ್ದರೆ ಆ ತೆರಿಗೆಯನ್ನು ಮುಂದಿನ ಅವಧಿಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆದರೆ ನಿಮ್ಮ ಪುಸ್ತಕದಲ್ಲಿ ಇನ್‌ವಾಯ್ಸು ಇನ್ನೂ ನಿಂತಿರುವುದರಿಂದ ನೀವದನ್ನು ಹೊಂದಿಸಿಕೊಂಡಿರಲಾರಿರಿ. ಅಂದರೆ ನಮ್ಮಂತೆ ಬಿಟ್ಟುಹೋದ ಪ್ರತಿಯೊಬ್ಬ ಸದಸ್ಯನ ತೆರಿಗೆಯನ್ನೂ ನೀವು ಕೈಯಿಂದ ಕಟ್ಟುತ್ತಿದ್ದೀರಿ. ಬಾರದ ಹಣವನ್ನು ಆದಾಯವೆಂದೂ ತೋರಿಸುತ್ತಿದ್ದೀರಿ. ದಯವಿಟ್ಟು ಕ್ರೆಡಿಟ್ ನೋಟ್ ಮಾಡಿ, ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಹಿಂದಿನ ವರ್ಷದ ಪ್ರೊಫಾರ್ಮಾದ ಬದಲಿಗೆ ನಿಜವಾದ ಇನ್‌ವಾಯ್ಸನ್ನೂ ಕಳಿಸಿ.

ಖಾತೆ ವಿವರದ ಝೆರಾಕ್ಸು, ಶಿಕ್ಕಾ ಬಿದ್ದ ಕಾರ್ಡಿನ ಝೆರಾಕ್ಸು ಲಗತ್ತಿಸಿದೆ. ಕಾಗದವನ್ನು ಮಾವನಿಗೆ ಓದಿ ಹೇಳಿದೆ. ನಾನು ಕ್ಷೇಮಸಮಾಚಾರದ ಸಾಲು ಎಲ್ಲಿ ಸೇರಿಸಲಿ ಎಂದು ಕೇಳಿದೆ.

"ಬ್ಯಾಡ," ಎಂದರು. "ಅವ್ರು ಆರಾಮ ಇದ್ದಾರ."

ಸಹಿ ಮಾಡಲು ಪೆನ್ನು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಬರದಾಕಿ ನೀ. ಅಂಗಡಿ ಪರವಾಗಿ ಅಂತ ಹಾಕಿ ನೀನ ಸಹಿ ಮಾಡು. ನಾಳೆ ಅವ್ರು ಫೋನ್ ಹಚ್ಚಿ ಕೇಳಿದ್ರ ನಾ ಏನು ಹೇಳ್ಲಿ?"

ಅಂಗಡಿಯ ಹೆಸರಿನ ಕೆಳಗೆ ನಾನು ಸಹಿ ಹಾಕಿದ್ದು ಅದೇ ಮೊದಲು. ಸಹಿ ಓರೆಯಾಯಿತು, ಬೇರೆ ಹಾಳೆಯಲ್ಲಿ ಬರೆಯೋಣವೆಂದರೆ ಮಾವ ಬಿಡಲಿಲ್ಲ.

ತಿಂಗಳುಗಟ್ಟಲೆ ಸಿಗದ ಕಾಗದ ಕೊರಿಯರಿನಲ್ಲಿ ಓಡಿಬಂತು. ಕ್ರೆಡಿಟ್ ನೋಟು, ಅದರ ಮೇಲೆ ರದ್ದಾದ ಇನ್‌ವಾಯ್ಸಿನ ನಂಬರು, ತಾರೀಖು, ಕಾರಣ, ಮೂಲ ಮೊತ್ತ, ತೆರಿಗೆ ಬೇರೆ ಬೇರೆ. ಹಿಂದಿನ ವರ್ಷದ ಇನ್‌ವಾಯ್ಸು, ನೋಂದಣಿ ನಂಬರಿನ ಸಮೇತ. ಜೊತೆಗೆ ಬಾಕಿ ಸೊನ್ನೆ ಎಂದು ತೋರಿಸುವ ಖಾತೆ ವಿವರ. ಕೆಳಗೆ ಲೆಕ್ಕಪತ್ರ ವಿಭಾಗದವರು ಕೈಬರಹದಲ್ಲಿ ಒಂದು ಸಾಲು ಬರೆದಿದ್ದರು, ಈ ಬಗ್ಗೆ ಗಮನ ಸೆಳೆದದ್ದಕ್ಕೆ ಧನ್ಯವಾದ, ಇಂಥ ಇನ್ನೂ ಅನೇಕ ಖಾತೆಗಳು ಸಿಕ್ಕಿವೆ ಎಂದು. ನಮ್ಮ ಹಾಗೆ ಬಿಟ್ಟುಹೋಗಿ ಸಾಲಗಾರರಾದವರು ಎಲ್ಲೆಲ್ಲಿದ್ದರೋ, ಅವರ ಮನೆಗೂ ಅದೇ ವಾರ ಕೊರಿಯರು ಹೋಗಿರಬೇಕು. ಯಾಕೆ ಬಂತೆಂದು ಅವರಿಗೆ ಎಂದೂ ತಿಳಿದಿರಲಾರದು.

ಆಡಿಟರು ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದರು. ಪೆನ್ಸಿಲಿನಿಂದ ಎರಡು ಗೀಟು ಹಾಕಿದರು. ಅಷ್ಟೇ. ಅಷ್ಟು ಓಡಾಟ, ಅಷ್ಟು ಹಾಡು, ಅಷ್ಟು ಚಹಾ ಎರಡು ಗೀಟಿನಲ್ಲಿ ಮುಗಿಯಿತು. ನಾವು ಮೆಟ್ಟಿಲು ಇಳಿಯುವಾಗ ಅವರು ಹಿಂದಿನಿಂದ ಮಾವನನ್ನು ಕರೆದು, "ಕಾಗದ ಯಾರು ಬರದ್ರು?" ಎಂದು ಕೇಳಿದರು.

"ನಮ್ಮ ಸ್ವಸಿ," ಎಂದರು ಮಾವ.

"ಹ್ಞೂಂ," ಎಂದರು ಆಡಿಟರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದನ್ನು ಬಾಗಲಕೋಟೆಯಲ್ಲಿ ಯಾರೂ ಕೇಳಿರಲಿಲ್ಲ.

ಬಸ್ಸು ಹುನಗುಂದ ದಾಟಿತು. ಮಾವ ಕಿಟಕಿಯ ಹೊರಗೆ ನೋಡುತ್ತಲೇ, "ಸೋಮವಾರದಿಂದ ಹೊರಗ ಕೂಡು. ಒಳಗ ಬೆಳಕು ಸಾಲಂಗಿಲ್ಲ" ಎಂದರು. ಅತ್ತೆಗೂ ಮನೆಗೆ ಬಂದ ಮೇಲೆ ಅದನ್ನೇ ಹೇಳಿದರು, ಬೆಳಕಿನ ವಿಷಯ ಮಾತ್ರ. ನಡುಮನೆಯಲ್ಲಿ ಅಷ್ಟು ವರ್ಷ ಬೆಳಕು ಸಾಕಷ್ಟೇ ಇತ್ತು. ಅತ್ತೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು, ಆಮೇಲೆ ಒಂದು ಹಳೆಯ ಜಮಖಾನೆ ಹುಡುಕಿ ಜಾಡಿಸತೊಡಗಿದರು. ಗಾದಿಯ ಮೇಲೆ ನನಗೆ ಹಾಸಲಿಕ್ಕೆ.

ಸೋಮವಾರ ನಾನು ಹೊರಗೆ ಕೂತೆ. ಪೇಟೆಯವರು ಒಂದಿಬ್ಬರು ಹಾದುಹೋಗುವಾಗ ನಿಂತು ನೋಡಿದರು. ಒಬ್ಬರು, ತಮಗೂ ಯಾವುದೋ ಕಂಪನಿಯ ಚಂದಾ ಬಿಡಬೇಕಾಗಿದೆ, ಕಾಗದ ಹೇಗೆ ಬರೆಯಬೇಕು ಎಂದು ಕೇಳಲು ಮೆಟ್ಟಿಲು ಹತ್ತಿ ಬಂದರು.